ಎಪಿಪೆನ್ ಚುಚ್ಚಿದ ಮೇಲೆ ಮಗುವನ್ನು ಎಬ್ಬಿಸಿ ನಡೆಸಬೇಡಿ

ಶೇಂಗಾ ಅಲರ್ಜಿ ಇರುವ 24 ಕೆಜಿ ತೂಕದ ಹುಡುಗ ಅಂದುಕೊಳ್ಳಿ. ಅಮೆರಿಕದಿಂದ ರಜೆಗೆ ಹುಬ್ಬಳ್ಳಿಯ ಅಜ್ಜಿ ಮನೆಗೆ ಬಂದಿದ್ದಾನೆ. ಶೇಂಗಾ ಚಟ್ನಿಪುಡಿ ಬಾಯಿಗೆ ಹೋದ ಸ್ವಲ್ಪ ಹೊತ್ತಿಗೆ ಮೈಮೇಲೆ ದದ್ದು, ದನಿ ಗೊಗ್ಗರು, ಉಸಿರಿಗೆ ಸುಯ್ ಸುಯ್ ಸದ್ದು. ಆಗ ಸೆಟ್ರಿಜಿನ್ ಮಾತ್ರೆ ಹುಡುಕುತ್ತಾ ಕೂರಬೇಡಿ. ಅದು ತುರಿಕೆ ತಗ್ಗಿಸುತ್ತದೆ ಅಷ್ಟೇ, ಕಟ್ಟುತ್ತಿರುವ ಉಸಿರನ್ನು ಬಿಡಿಸುವುದಿಲ್ಲ. ಮೊದಲು ಅಡ್ರಿನಲಿನ್. ಎಪಿಪೆನ್ ಅಂದರೆ ಈ ಔಷಧಿಯನ್ನು ಮೊದಲೇ ತುಂಬಿಟ್ಟ, ಪೆನ್ನಿನಂಥ ಇಂಜೆಕ್ಷನ್. 15ರಿಂದ 30 ಕೆಜಿಯವರೆಗೆ 0.15 ಮಿಗ್ರಾಂ ಪೆನ್, ಅದಕ್ಕಿಂತ ಜಾಸ್ತಿ ತೂಕದವರಿಗೆ 0.3.

ಮಗುವನ್ನು ಮಲಗಿಸಿ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿಯಿರಿ, ಕಿತ್ತಳೆ ತುದಿ ಕೆಳಗೆ. ಹೆಬ್ಬೆರಳನ್ನು ಯಾವ ತುದಿಯ ಮೇಲೂ ಇಡಬೇಡಿ. ಗಾಬರಿಯಲ್ಲಿ ತಲೆಕೆಳಗಾಗಿ ಹಿಡಿದು ತಮ್ಮ ಹೆಬ್ಬೆರಳಿಗೇ ಚುಚ್ಚಿಕೊಂಡವರು ಇದ್ದಾರೆ. ನೀಲಿ ಮುಚ್ಚಳವನ್ನು ಇನ್ನೊಂದು ಕೈಯಿಂದ ನೇರವಾಗಿ ಎಳೆಯಿರಿ, ತಿರುಚಬೇಡಿ. ಮಕ್ಕಳು ಕಾಲು ಒದರುತ್ತಾರೆ, ಸೂಜಿ ಗೀರಿ ಗಾಯವಾಗುತ್ತದೆ, ಹಾಗಾಗಿ ಕಾಲನ್ನು ಒಬ್ಬರು ಗಟ್ಟಿಯಾಗಿ ಹಿಡಿಯಲೇಬೇಕು. ತೊಡೆಯ ನಡುಭಾಗ, ಹೊರಮಗ್ಗುಲು. ಪ್ಯಾಂಟ್ ಬಿಚ್ಚುವುದು ಬೇಡ, ಜೇಬಿನಲ್ಲಿ ಏನೂ ಇಲ್ಲವೆಂದು ನೋಡಿದರೆ ಸಾಕು. ಕ್ಲಿಕ್ ಅನ್ನುವವರೆಗೆ ಒತ್ತಿ, ನಿಧಾನವಾಗಿ ಮೂರು ಎಣಿಸಿ ತೆಗೆಯಿರಿ. ಕಿತ್ತಳೆ ತುದಿ ಉದ್ದವಾಗಿ ಸೂಜಿಯನ್ನು ಮುಚ್ಚಿದ್ದರೆ ಔಷಧಿ ಹೋಗಿದೆ ಎಂದರ್ಥ. ಒಳಗೆ ಔಷಧಿ ಇನ್ನೂ ಬೇಕಾದಷ್ಟು ಉಳಿದಿರುತ್ತದೆ, ಅದನ್ನು ನೋಡಿ ಚುಚ್ಚಿದ್ದು ಹೋಗಿಲ್ಲ ಅಂದುಕೊಳ್ಳಬೇಡಿ. ಆ ಪೆನ್ ಮತ್ತೆ ಬಳಕೆಗೆ ಬರುವುದಿಲ್ಲ.

ತಕ್ಷಣ 108ಕ್ಕೆ ಫೋನ್ ಮಾಡಿ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಮಗುವಿಗೆ ಸ್ವಲ್ಪ ಹಾಯೆನಿಸುತ್ತದೆ, ಮನೆಯವರು ಕೈ ಹಿಡಿದು ಎಬ್ಬಿಸಿ "ಬಾ ಕಂದಾ, ಕಾರಿಗೆ ಹೋಗೋಣ" ಎಂದು ನಡೆಸುತ್ತಾರೆ. ಬೇಡವೇ ಬೇಡ. ಈ ಅಲರ್ಜಿಯಲ್ಲಿ ರಕ್ತನಾಳಗಳು ಸಡಿಲಾಗಿ ಬಿಪಿ ಬಿದ್ದಿರುತ್ತದೆ. ಥಟ್ಟನೆ ಎದ್ದು ನಿಂತರೆ ರಕ್ತ ಕಾಲಿಗಿಳಿದು ಹೃದಯಕ್ಕೆ ಸಾಕಾಗುವಷ್ಟು ಮರಳುವುದಿಲ್ಲ, ಹೃದಯ ನಿಂತುಬಿಡಬಹುದು. ಹಾಗಾಗಿ ಅಂಗಾತ ಮಲಗಿಸಿ ಕಾಲಡಿ ದಿಂಬು ಇಡಿ. ಮಲಗಿದರೆ ಉಸಿರು ಕಟ್ಟುತ್ತದೆ ಅಂದರೆ ಕಾಲು ಚಾಚಿ ಕೂರಿಸಿ, ಕುರ್ಚಿ ಬೇಡ. ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಮಲಗಿಸಿ. ಶೌಚಕ್ಕೂ ಎಬ್ಬಿಸಬೇಡಿ. ಆಂಬುಲೆನ್ಸ್‌ಗೆ ಸ್ಟ್ರೆಚರ್‌ನಲ್ಲೇ ಹೋಗಲಿ.

ಐದು ನಿಮಿಷದಲ್ಲಿ ಉಸಿರು ಸುಧಾರಿಸದಿದ್ದರೆ ಎರಡನೇ ಪೆನ್ ಚುಚ್ಚಿ. ಪೆನ್ ಯಾವಾಗಲೂ ಜೋಡಿಯಾಗಿಯೇ ಇರಲಿ, ಇಲ್ಲಿನ ಮೆಡಿಕಲ್ ಶಾಪ್‌ಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲೂ ಫ್ರಿಜ್‌ನಲ್ಲೂ ಇಡಬೇಡಿ. ಔಷಧಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ.

ಮಗು ಪೂರ್ತಿ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆ ತಪ್ಪಿಸಬೇಡಿ. ಕೆಲವರಿಗೆ ಮತ್ತೆ ಏನೂ ತಿನ್ನದಿದ್ದರೂ ಕೆಲವು ಗಂಟೆ ಬಿಟ್ಟು ರಿಯಾಕ್ಷನ್ ಮರುಕಳಿಸುತ್ತದೆ. ಎರಡು ಡೋಸ್ ಬೇಕಾಗಿದ್ದರೆ ಡಾಕ್ಟರ್ ಇನ್ನೂ ಜಾಸ್ತಿ ಹೊತ್ತು ಇರಿಸಿಕೊಳ್ಳುತ್ತಾರೆ. ಚುಚ್ಚಿದ ಸಮಯ ಬರೆದುಕೊಂಡು, ಬಳಸಿದ ಪೆನ್ ಜೊತೆ ಅವರ ಕೈಗೆ ಕೊಡಿ.