ಅಜ್ಜಿಗೆ ‘ಶಿ’, ಕೇಳುವವರಿಗೆ ‘ಯೊ’: ಕೊರಿಯನ್‌ನಲ್ಲಿ ಮರ್ಯಾದೆಯ ಮಾತು ಹೀಗೆ

ಕೊರಿಯನ್ ಕಲಿಯುವ ನಮ್ಮವರನ್ನು ‘ಒದಿ ಗಾಸೆಯೊ?’ (ಎಲ್ಲಿಗೆ ಹೋಗ್ತಿದ್ದೀರಿ?) ಅಂತ ಕೇಳಿ ನೋಡಿ. ಎಷ್ಟೋ ಜನ ‘ಚಿಬೆ ಗಾಸೆಯೊ’ ಅಂತಲೇ ಉತ್ತರ ಕೊಡುತ್ತಾರೆ. ಇದು ‘ನಾನು ಮನೆಗೆ ಹೋಗ್ತಿದ್ದೀರಿ’ ಅಂದ ಹಾಗೆ. ‘ಚಿಬೆ ಗಾಯೊ’ ಅನ್ನಬೇಕು.

ಮೊದಲು ಯಾರ ಜೊತೆ ಮಾತಾಡುತ್ತಿದ್ದೀರಿ ಅಂತ ನೋಡಿ. ‘ಗಾದ’ ಅಂದರೆ ಹೋಗುವುದು. ಅದರ ‘ದ’ ತೆಗೆದು ಬಾಲ ಬದಲಿಸಿ. ಆಪ್ತ ಗೆಳೆಯನಿಗೆ, ತಮ್ಮನಿಗೆ ‘ಗಾ’. ಅಂಗಡಿ, ಟ್ಯಾಕ್ಸಿ, ಟೀಚರ್, ಪಕ್ಕದ ಮನೆಯವರು, ಎಲ್ಲರಿಗೂ ‘ಗಾಯೊ’. ಸಂದರ್ಶನ, ಭಾಷಣ, ಸುದ್ದಿ ಓದುವಾಗ ‘ಗಮ್ನಿದ’. ಮೊದಲ ವರ್ಷ ‘ಯೊ’ ಒಂದನ್ನೇ ಗಟ್ಟಿ ಮಾಡಿಕೊಳ್ಳಿ. ಧಾರಾವಾಹಿಯಲ್ಲಿ ಪ್ರೇಮಿಗಳು ಆಡುವ ಬರೀ ‘ಗಾ’ ಮಾತನ್ನು ಸೋಲ್‌ನ ಅಂಗಡಿಯವರ ಮೇಲೆ ಪ್ರಯೋಗಿಸಬೇಡಿ. ಇಬ್ಬರೂ ಒಪ್ಪಿದ ಮೇಲೆಯೇ ಆ ಮಾತು. ಅದಕ್ಕೆ ಅವರು ‘ಮಾತು ಕೆಳಗಿಡುವುದು’ ಅನ್ನುತ್ತಾರೆ. ದೊಡ್ಡವರು ನಿಮ್ಮ ಜೊತೆ ಹಾಗೆ ಆಡಿದರು ಅಂತ ನೀವೂ ಶುರು ಮಾಡುವ ಹಾಗಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ: ‘ಶಿ’. ಇದು ಕೇಳುವವರಿಗಲ್ಲ, ಕೆಲಸ ಮಾಡಿದವರಿಗೆ ಕೊಡುವ ಮರ್ಯಾದೆ. ಕ್ರಿಯಾಪದದ ಮಧ್ಯೆ ಕೂರುತ್ತದೆ. ‘ಯೊ’ ಜೊತೆ ಸೇರಿದಾಗ ‘ಸೆಯೊ’ ಆಗುತ್ತದೆ, ನಡೆದ ಕೆಲಸವಾದರೆ ‘ಶ್ಯೊಸ್ಸೊಯೊ’. ನಿಮ್ಮ ಕೆಲಸಕ್ಕೆ ನೀವೇ ಇದನ್ನು ಹಾಕಿಕೊಳ್ಳುವಂತಿಲ್ಲ.

ಕನ್ನಡದಲ್ಲೂ ನಾವು ಇದನ್ನೇ ಮಾಡುತ್ತೇವೆ ಅಲ್ವಾ? ಗೆಳೆಯನಿಗೆ ‘ಅಜ್ಜಿ ಬಂದಿದ್ದಾರೆ ಕಣೋ’ ಅನ್ನುತ್ತೀವಿ. ‘ಬಂದಿದ್ದಾರೆ’ ಅಜ್ಜಿಗೆ, ‘ಕಣೋ’ ಗೆಳೆಯನಿಗೆ. ಕೊರಿಯನ್‌ನಲ್ಲಿ ಅದು ‘ಹಲ್ಮೊನಿ ಒಶ್ಯೊಸ್ಸೊ’. ಅಜ್ಜಿಗೆ ‘ಶಿ’ ಬಂತು, ಗೆಳೆಯನಿಗೆ ‘ಯೊ’ ಇಲ್ಲ. ಅದೇ ಸುದ್ದಿ ಟೀಚರ್‌ಗೆ ಹೇಳುವಾಗ ಕೊನೆಗೆ ‘ಯೊ’ ಸೇರಿಸಿ: ‘ಹಲ್ಮೊನಿ ಒಶ್ಯೊಸ್ಸೊಯೊ’. ಬಂದದ್ದು ತಮ್ಮ ಆದರೆ ಟೀಚರ್ ಎದುರೂ ‘ದೊಂಗ್ಸೆಂಗಿ ವಸ್ಸೊಯೊ’ ಸಾಕು. ಟೀಚರ್‌ಗೆ ‘ಯೊ’ ಉಂಟು, ತಮ್ಮನಿಗೆ ‘ಶಿ’ ಬೇಡ. ಈ ಮೂರು ವಾಕ್ಯಗಳನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿ. ಯಾರಿಗೆ ಅಂತ ತಿಳಿಸದೆ ಸುಮ್ನೆ ಒಂದೊಂದು ವಾಕ್ಯ ಕಲಿಸುವ ಆ್ಯಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೆಲವು ಕಡೆ ಪದವೇ ಬದಲಾಗುತ್ತದೆ. ತಿನ್ನುವುದು ‘ಮೊಕ್ತ’, ಆದರೆ ದೊಡ್ಡವರಿಗೆ ‘ತುಸೆಯೊ’. ಮಲಗುವುದು ‘ಚಾದ’, ಅವರಿಗೆ ‘ಚುಮುಸೆಯೊ’. ಇವನ್ನು ಬಾಯಿಪಾಠ ಮಾಡಲೇಬೇಕು.

ಸೋಲ್‌ನ ಕಾಫಿ ಅಂಗಡಿಯಲ್ಲಿ ‘ಖೊಪಿ ನಾಒಶ್ಯೊಸ್ಸುಮ್ನಿದ’ ಅಂತ ಕೇಳಿಸಬಹುದು. ‘ಕಾಫಿಯವರು ಬಂದಿದ್ದಾರೆ’ ಅಂದಂತೆ! ಗ್ರಾಹಕರಿಗೆ ಮರ್ಯಾದೆ ಕೊಡಲು ಹೋಗಿ ‘ಶಿ’ಯನ್ನು ಕಾಫಿಗೆ ಕೊಟ್ಟಿದ್ದಾರೆ. ಅಲ್ಲಿನ ರಾಷ್ಟ್ರೀಯ ಭಾಷಾ ಸಂಸ್ಥೆಯೇ ಇದು ತಪ್ಪು ಅನ್ನುತ್ತದೆ. ಕೇಳಿಸಿಕೊಳ್ಳಿ, ಕಲಿಯಬೇಡಿ. ‘ಖೊಪಿ ನಾವಸ್ಸುಮ್ನಿದ’ ಸರಿ.