ಮನೆ ಚಟ್ನಿಪುಡಿಗೆ ಜಿಎಸ್‌ಟಿ ಯಾವಾಗ ಬೇಕು?

ಅಡುಗೆಮನೆಯಲ್ಲಿ ಶುರುವಾದ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳದ ವ್ಯಾಪಾರ ವರ್ಷ ಎರಡು ವರ್ಷದಲ್ಲಿ ಬೆಳೆದುಬಿಡುತ್ತದೆ. ಆಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘40 ಲಕ್ಷ ದಾಟುವವರೆಗೆ ಜಿಎಸ್‌ಟಿ ಚಿಂತೆ ಇಲ್ಲ.’ ಇದು ಅರ್ಧ ಸತ್ಯ. ಆರು ಲಕ್ಷದ ವಹಿವಾಟಿಗೇ ನೋಂದಣಿ ಮಾಡಿಸಬೇಕಾದವರಿದ್ದಾರೆ, 40 ಲಕ್ಷ ದಾಟಿದರೂ ಬೇಕಿಲ್ಲದವರೂ ಇದ್ದಾರೆ. ಕೇವಲ ಹಪ್ಪಳ ಮಾರುವವರು ಎರಡನೇ ಗುಂಪಿನವರು. ಹಪ್ಪಳಕ್ಕೆ ತೆರಿಗೆ ವಿನಾಯಿತಿ ಇದೆ. ಪೂರ್ತಿ ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಕಡ್ಡಾಯವಲ್ಲ.

ಮೊದಲು ಪಾರ್ಸೆಲ್ ಎಲ್ಲಿಗೆ ಹೋಗುತ್ತದೆ ನೋಡಿ

ವಹಿವಾಟಿನ ಲೆಕ್ಕಕ್ಕೆ ಕೂರುವ ಮೊದಲು ಕೊರಿಯರ್ ರಸೀದಿಗಳನ್ನು ತೆಗೆದು ವಿಳಾಸಗಳನ್ನು ಓದಿ. ಧಾರವಾಡದಿಂದ ಬೆಳಗಾವಿಗೋ ಬೆಂಗಳೂರಿಗೋ ಕಳಿಸಿದ್ದರೆ ಸರಿ. ಕೊಲ್ಹಾಪುರಕ್ಕೋ ಗೋವಾಕ್ಕೋ ಒಂದು ಕಿಲೋ ಚಟ್ನಿಪುಡಿ ಮಾರಿದ್ದರೂ ಅದು ಅಂತರರಾಜ್ಯ ಮಾರಾಟ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರುವವರಿಗೆ 40 ಲಕ್ಷದ ಮಿತಿ ಅನ್ವಯಿಸುವುದೇ ಇಲ್ಲ, ಮೊದಲ ಪೊಟ್ಟಣದಿಂದಲೇ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ಇದರಲ್ಲಿ ರಿಯಾಯಿತಿ ಇದೆ. ಕೈಯಲ್ಲೇ ಕುಟ್ಟಿದ ಪುಡಿ ಎಂದರೂ ತಿನಿಸು ಆ ಪಟ್ಟಿಗೆ ಬರುವುದಿಲ್ಲ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆರ್ಡರ್ ಹಿಡಿಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಪುಣೆಯಲ್ಲಿರುವ ಗೆಳತಿಯ ಅಕ್ಕಪಕ್ಕದವರಿಗೆ ಹತ್ತು ಡಬ್ಬಿ ಹೋಗಿರುತ್ತದೆ, ದುಡ್ಡು ಯುಪಿಐಯಲ್ಲಿ ಬಂದಿರುತ್ತದೆ, ಅದನ್ನು ಯಾರೂ ‘ಅಂತರರಾಜ್ಯ ಮಾರಾಟ’ ಎಂದು ಎಣಿಸಿರುವುದಿಲ್ಲ. ಕಾನೂನು ಎಣಿಸುತ್ತದೆ.

ಆನ್‌ಲೈನ್ ಮಾರುಕಟ್ಟೆ ತಾಣಗಳ ಮೂಲಕ ಮಾರುವವರಿಗೂ ಹಿಂದೆ ಇದೇ ಕಟ್ಟುಪಾಡು ಇತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲವಾಗಿದೆ. ರಾಜ್ಯದೊಳಗಷ್ಟೇ ಮಾರುವ, ಮಿತಿ ದಾಟದ ವ್ಯಾಪಾರಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ತನ್ನ ಪ್ಯಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಆ ಸಂಖ್ಯೆ ಕೈಗೆ ಬರುವ ಮೊದಲು ಅಲ್ಲಿ ಮಾರುವಂತಿಲ್ಲ.

ವಹಿವಾಟು ಎಣಿಸುವ ಬಗೆ

ಕರ್ನಾಟಕದಲ್ಲಿ ಸರಕನ್ನಷ್ಟೇ ಮಾರುವವರಿಗೆ ಆರ್ಥಿಕ ವರ್ಷಕ್ಕೆ 40 ಲಕ್ಷ ರೂಪಾಯಿ ಮಿತಿ, ಸೇವೆ ಕೊಡುವವರಿಗೆ 20 ಲಕ್ಷ. ಐಸ್‌ಕ್ರೀಮ್ ತಯಾರಿಸುವವರಂಥ ಕೆಲವರಿಗೆ 40 ಲಕ್ಷದ ಸೌಲಭ್ಯವಿಲ್ಲ. ‘ಅಷ್ಟೇ’ ಎಂಬ ಪದದ ಮೇಲೆ ಕಣ್ಣಿಡಿ. ಊಟ ಮಾಡಿ ಬಡಿಸುವುದು ಕಾನೂನಿನ ಲೆಕ್ಕದಲ್ಲಿ ಸೇವೆ. ಡಬ್ಬಿಯಲ್ಲಿ ಉಪ್ಪಿನಕಾಯಿ ಮಾರುತ್ತಲೇ ಸೀಮಂತ, ಗೃಹಪ್ರವೇಶಕ್ಕೆ ಊಟದ ಆರ್ಡರ್ ಹಿಡಿಯಲು ಶುರು ಮಾಡಿದರೆ ಎರಡೂ ಸೇರಿ 20 ಲಕ್ಷಕ್ಕೇ ಮಿತಿ ಮುಗಿಯುತ್ತದೆ.

ಎಣಿಸಬೇಕಾದದ್ದು ಲಾಭವಲ್ಲ, ಮಾರಾಟದ ಮೊತ್ತ. ಒಂದು ಪ್ಯಾನ್‌ನಡಿ ದೇಶದಲ್ಲೆಲ್ಲ ನಡೆದ ಮಾರಾಟ ಒಟ್ಟಿಗೆ ಸೇರುತ್ತದೆ. ಗ್ರಾಹಕರಿಂದ ಪಡೆದ ಕೊರಿಯರ್ ಖರ್ಚು ಸೇರುತ್ತದೆ, ವಿನಾಯಿತಿ ಇರುವ ಹಪ್ಪಳದ ಮಾರಾಟವೂ ಸೇರುತ್ತದೆ. ‘ಹಪ್ಪಳಕ್ಕೆ ತೆರಿಗೆ ಇಲ್ಲವಲ್ಲ’ ಎಂದು ಅದನ್ನು ಬಿಟ್ಟು ಲೆಕ್ಕ ಹಾಕುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ತೆರಿಗೆ ಕಟ್ಟುವಾಗ ಹಪ್ಪಳ ಹೊರಗೆ, ಮಿತಿ ಎಣಿಸುವಾಗ ಒಳಗೆ.

ಒಂದು ಲೆಕ್ಕ ನೋಡೋಣ. ಧಾರವಾಡದ ಒಂದು ಮನೆಯಿಂದ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ರಾಜ್ಯದೊಳಗೆ ಮಾತ್ರ ಹೋಗುತ್ತದೆ ಎಂದುಕೊಳ್ಳಿ. ಏಪ್ರಿಲ್ 1ರಿಂದ ಡಿಸೆಂಬರ್ 31ರವರೆಗೆ ಯುಪಿಐ ಖಾತೆಗೆ ಬಂದದ್ದು 34,80,000 ರೂಪಾಯಿ. ಅದರಲ್ಲಿ 2,60,000 ವ್ಯಾಪಾರದ್ದಲ್ಲ: ಎತ್ತಿದ ಚೀಟಿಯ ಹಣ, ತಮ್ಮ ವಾಪಸ್ ಕೊಟ್ಟ ಕೈಗಡ. ಉಳಿದದ್ದು 32,20,000. ನಗದು ಮಾರಾಟ 5,90,000. ಒಟ್ಟು 38,10,000. ಇದರಲ್ಲಿ ಹಪ್ಪಳದ್ದು 8,50,000 ಇದ್ದರೂ ಕಳೆಯುವಂತಿಲ್ಲ. ತಿಂಗಳಿಗೆ ಸರಾಸರಿ 4,20,000ದಂತೆ ನಡೆದರೆ ಬಾಕಿ 1,90,000 ಮುಗಿಯಲು ಎರಡು ವಾರ ಸಾಕು. ಸಂಕ್ರಾಂತಿ ಹೊತ್ತಿಗೆ, ಜನವರಿ 14ರಂದು, 40 ಲಕ್ಷ ದಾಟುತ್ತದೆ. ಅಂದಿನಿಂದ 30 ದಿನದೊಳಗೆ, ಅಂದರೆ ಫೆಬ್ರುವರಿ 13ರೊಳಗೆ ಅರ್ಜಿ ಹಾಕಬೇಕು. ಮಾರ್ಚ್ ಮುಗಿಯಲಿ, ವರ್ಷದ ಲೆಕ್ಕ ನೋಡೋಣ ಎಂದು ಕೂತರೆ ಗಡುವು ಜಾರಿಹೋಗಿರುತ್ತದೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಖಾತೆಗೆ ಬಂದ ಹಣವೆಲ್ಲ ವಹಿವಾಟಲ್ಲ, ನಿಜ. ಆದರೆ ಅದನ್ನು ತೋರಿಸಿಕೊಡುವ ಕೆಲಸ ನಿಮ್ಮ ತಲೆಯ ಮೇಲೆ ಬರುತ್ತದೆ. ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯುಆರ್ ಕೋಡ್ ಇಟ್ಟು, ದಿನದ ನಗದನ್ನು ಪುಸ್ತಕದಲ್ಲಿ ಬರೆದರೆ ಮೇಲಿನ ಲೆಕ್ಕ ಅರ್ಧ ಗಂಟೆಯ ಕೆಲಸ. ಎಲ್ಲವೂ ಮನೆಯ ಖಾತೆಗೇ ಬಂದಿದ್ದರೆ ಮೂರು ವರ್ಷದ ಹಿಂದಿನ ಚೀಟಿ ಹಣಕ್ಕೆ ಪುರಾವೆ ಹುಡುಕುತ್ತಾ ಕೂರಬೇಕಾದೀತು. ಒಂದೇ ಒಲೆಯ ವ್ಯಾಪಾರವನ್ನು ಗಂಡನ ಹೆಸರಿಗೆ ಅರ್ಧ, ಹೆಂಡತಿಯ ಹೆಸರಿಗೆ ಅರ್ಧ ಹಂಚಿ ಮಿತಿಯೊಳಗೆ ಇರುವ ಉಪಾಯವನ್ನೂ ಕೆಲವರು ಹೇಳಿಕೊಡುತ್ತಾರೆ. ತಪಾಸಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು.

ಅರ್ಜಿ ಹಾಕುವುದು

gst.gov.in ತಾಣದಲ್ಲಿ Services, ಅದರೊಳಗೆ Registration, ಅಲ್ಲಿ New Registration ಒತ್ತಿ. ಮೊದಲ ಭಾಗದಲ್ಲಿ ಪ್ಯಾನ್, ಮೊಬೈಲ್, ಇಮೇಲ್ ಕೊಟ್ಟು ಒಟಿಪಿ ಹಾಕಿದರೆ TRN ಎಂಬ ತಾತ್ಕಾಲಿಕ ಸಂಖ್ಯೆ ಸಿಗುತ್ತದೆ. ಅದರಿಂದ ಮತ್ತೆ ಒಳಹೊಕ್ಕು 15 ದಿನದೊಳಗೆ ಎರಡನೇ ಭಾಗ ತುಂಬಬೇಕು. ಕೊನೆಯಲ್ಲಿ ಆಧಾರ್ ದೃಢೀಕರಣ. ಸರ್ಕಾರಕ್ಕೆ ಕಟ್ಟುವ ಶುಲ್ಕ ಏನೂ ಇಲ್ಲ. ಮಧ್ಯವರ್ತಿ ಕೇಳುವುದು ಅವರ ಕೂಲಿ.

ಅರ್ಜಿ ಸಿಕ್ಕಿಬೀಳುವುದು ಬಹುಪಾಲು ವಿಳಾಸದ ದಾಖಲೆಯಲ್ಲಿ. ವ್ಯಾಪಾರ ಸೊಸೆಯ ಹೆಸರಲ್ಲಿ, ಕರೆಂಟ್ ಬಿಲ್ ಮಾವನ ಹೆಸರಲ್ಲಿ ಇರುತ್ತದೆ. ಬರೀ ಬಿಲ್ ಹಾಕಿದರೆ ಅಧಿಕಾರಿ ಪ್ರಶ್ನೆ ಎತ್ತುತ್ತಾರೆ. ಮಾವನವರಿಂದ ‘ಈ ಮನೆಯಲ್ಲಿ ವ್ಯಾಪಾರ ನಡೆಸಲು ನನ್ನ ಒಪ್ಪಿಗೆ ಇದೆ’ ಎಂಬ ಸಹಿ ಮಾಡಿದ ಪತ್ರ, ಜೊತೆಗೆ ಇತ್ತೀಚಿನ ಬಿಲ್ ಅಥವಾ ಮನೆ ತೆರಿಗೆ ರಸೀದಿ ಎರಡನ್ನೂ ಸೇರಿಸಿ. ಬಾಡಿಗೆ ಮನೆಯಾದರೆ ಕರಾರುಪತ್ರ, ಮಾಲೀಕರ ಬಿಲ್. ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡ್ ಅರ್ಜಿಯಲ್ಲೂ ದಾಖಲೆಯಲ್ಲೂ ಅಕ್ಷರಶಃ ಒಂದೇ ಇರಲಿ. ಪ್ರಶ್ನೆ ಬಂದರೆ ಉತ್ತರಿಸಲು ಏಳು ಕೆಲಸದ ದಿನ ಮಾತ್ರ. ಅದು ಬರುವುದು ಇಮೇಲ್‌ಗೆ ಮತ್ತು ಪೋರ್ಟಲ್‌ಗೆ, ಮನೆ ಬಾಗಿಲಿಗಲ್ಲ. ಮಧ್ಯವರ್ತಿಯ ಇಮೇಲ್ ಕೊಟ್ಟಿದ್ದರೆ ನಿಮಗೆ ತಿಳಿಯುವುದೇ ಇಲ್ಲ.

ಆಮೇಲೆ ಬದಲಾಗುವುದು

ಅರ್ಜಿ ತುಂಬುವಾಗಲೇ ಒಂದು ಆಯ್ಕೆ ಎದುರಾಗುತ್ತದೆ: ಸಾಮಾನ್ಯ ಪದ್ಧತಿಯೋ, ಕಾಂಪೊಸಿಷನ್ ಪದ್ಧತಿಯೋ. ನಿಜವಾದ ಯೋಚನೆ ಬೇಕಾದದ್ದು ಇಲ್ಲಿ.

ಅದೇ ಮನೆಯ ಮೂರು ತಿಂಗಳ ಮಾರಾಟ 12,60,000 ಎನ್ನಿ: ಚಟ್ನಿಪುಡಿ, ಉಪ್ಪಿನಕಾಯಿ 10 ಲಕ್ಷ, ಹಪ್ಪಳ 2,60,000. ಈಗ ಚಟ್ನಿಪುಡಿಗೂ ಉಪ್ಪಿನಕಾಯಿಗೂ ತೆರಿಗೆ ಶೇ 5. ಉಪ್ಪಿನಕಾಯಿಗೆ 2025ರ ಸೆಪ್ಟೆಂಬರ್ 21ರವರೆಗೆ ಶೇ 12 ಇತ್ತು. ಡಬ್ಬಿಯ ಬೆಲೆ ಏರಿಸದೆ ಸಾಮಾನ್ಯ ಪದ್ಧತಿಗೆ ಹೋದರೆ 10 ಲಕ್ಷದೊಳಗೇ ತೆರಿಗೆ ಅಡಗಿದೆ: 10,00,000 × 5 ÷ 105, ಅಂದರೆ ಸುಮಾರು 47,600 ರೂಪಾಯಿ. ಎಣ್ಣೆ, ಮೆಣಸಿನಕಾಯಿ, ಪೌಚುಗಳನ್ನು ತರುವಾಗ ಕೊಟ್ಟ ತೆರಿಗೆ 11,000 ಇದ್ದರೆ ಅದನ್ನು ಕಳೆದು 36,600 ಕಟ್ಟಬೇಕು. ಹಪ್ಪಳಕ್ಕೆ ಬಳಸಿದ ಸಾಮಾನಿನ ತೆರಿಗೆಯನ್ನು ಮಾತ್ರ ಹೀಗೆ ಕಳೆಯುವಂತಿಲ್ಲ.

ಕಾಂಪೊಸಿಷನ್‌ನಲ್ಲಿ ತಯಾರಕರಿಗೆ ಒಟ್ಟು ಮಾರಾಟದ ಶೇ 1. ಹಪ್ಪಳವೂ ಸೇರಿ 12,600 ರೂಪಾಯಿ, ಕಳೆಯುವುದು ಏನೂ ಇಲ್ಲ. ಮೇಲ್ನೋಟಕ್ಕೆ ಇದೇ ಲೇಸು. ಮನೆಮನೆಗೆ, ರಾಜ್ಯದೊಳಗೆ ಮಾರುವವರಿಗೆ ನಿಜಕ್ಕೂ ಲೇಸು. ಆದರೆ ಹೊರರಾಜ್ಯಕ್ಕೆ ಒಂದು ಡಬ್ಬಿಯನ್ನೂ ಮಾರುವಂತಿಲ್ಲ, ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಬಿಲ್ಲಿನ ತಲೆಯಲ್ಲಿ ತಾವು ಕಾಂಪೊಸಿಷನ್ ತೆರಿಗೆದಾರರು, ತೆರಿಗೆ ವಸೂಲಿಗೆ ಅರ್ಹರಲ್ಲ ಎಂದು ಬರೆದಿರಬೇಕು. ಸೂಪರ್‌ಮಾರ್ಕೆಟ್‌ಗೆ ಸಗಟಾಗಿ ಕೊಡುವವರಿಗೂ ಇದು ಹೊಂದುವುದಿಲ್ಲ. ಅಂಗಡಿಯವರಿಗೆ ನಿಮ್ಮ ಬಿಲ್ಲಿನಿಂದ ಕಳೆದುಕೊಳ್ಳಲು ತೆರಿಗೆ ಸಿಗದಿದ್ದರೆ ಅವರು ದರದಲ್ಲೇ ಜಗ್ಗುತ್ತಾರೆ.

ರಿಟರ್ನ್ ವಿಷಯ ಸರಳ. ಕಾಂಪೊಸಿಷನ್‌ನವರು ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ ಹಣ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಹಾಕುತ್ತಾರೆ. ಸಾಮಾನ್ಯ ಪದ್ಧತಿಯ ಸಣ್ಣ ವ್ಯಾಪಾರಿಗಳು ರಿಟರ್ನನ್ನು ಮೂರು ತಿಂಗಳಿಗೊಮ್ಮೆ ಹಾಕಬಹುದು, ಹಣ ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು. ಮಾರಾಟವೇ ಇಲ್ಲದಿದ್ದರೂ ಸೊನ್ನೆ ರಿಟರ್ನ್ ಹಾಕಲೇಬೇಕು, ಬಿಟ್ಟರೆ ದಿನಕ್ಕಿಷ್ಟು ಎಂದು ತಡಶುಲ್ಕ ಬೆಳೆಯುತ್ತದೆ. ಏಪ್ರಿಲ್ 1ಕ್ಕೆ ವಹಿವಾಟಿನ ಎಣಿಕೆ ಸೊನ್ನೆಗೆ ಬಂದರೂ ನೋಂದಣಿ ತಾನಾಗಿ ಹೋಗುವುದಿಲ್ಲ. ವ್ಯಾಪಾರ ಇಳಿದರೆ ರದ್ದತಿಗೆ ಬೇರೆ ಅರ್ಜಿ ಬೇಕು, ಸಾಮಾನ್ಯ ಪದ್ಧತಿಯವರಿಗೆ ಕೊನೆಯ ರಿಟರ್ನ್ ಕೂಡ.

ಆಹಾರ ಪರವಾನಗಿ ಬೇರೆಯೇ

ಜಿಎಸ್‌ಟಿ ಇಲ್ಲದಿದ್ದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮೊದಲ ಡಬ್ಬಿ ಮಾರುವ ಮೊದಲೇ ಬೇಕು, ವಹಿವಾಟು ಎಷ್ಟೇ ಚಿಕ್ಕದಿರಲಿ. foscos.fssai.gov.in ತಾಣದಲ್ಲಿ ಅರ್ಜಿ. ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೂ ಬಿಲ್ ಮೇಲೂ ಇರಬೇಕು. ಸಣ್ಣವರಿಗೆ ನೋಂದಣಿ ಸಾಕು, ಬೆಳೆದವರಿಗೆ ರಾಜ್ಯ ಲೈಸೆನ್ಸ್ ಬೇಕು. 2011ರ ನಿಯಮಾವಳಿ ಈ ಗೆರೆಯನ್ನು ವರ್ಷಕ್ಕೆ 12 ಲಕ್ಷಕ್ಕೆ ಎಳೆದಿತ್ತು; ಅರ್ಜಿ ಹಾಕುವ ದಿನ ಪೋರ್ಟಲ್ ತೋರಿಸುವ ಮಿತಿಯನ್ನೇ ನೋಡಿ. ಇಲ್ಲಿ ನೆನಪಿಡಬೇಕಾದ ಸೂಕ್ಷ್ಮ ಎಂದರೆ ಆಹಾರದ ಗೆರೆಯೂ ಜಿಎಸ್‌ಟಿಯ ಗೆರೆಯೂ ಒಂದಲ್ಲ. ಜಿಎಸ್‌ಟಿ ರಿಟರ್ನ್‌ನಲ್ಲಿ 50 ಲಕ್ಷ ತೋರಿಸಿ, ಆಹಾರ ನೋಂದಣಿಯನ್ನು ಶುರುವಿನ ದಿನದ ಪುಟ್ಟ ವಹಿವಾಟಿನ ಮೇಲೆಯೇ ಬಿಟ್ಟಿದ್ದರೆ ಎರಡು ಕಾಗದಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಜಿಎಸ್‌ಟಿ ಅರ್ಜಿ ಹಾಕುವ ವಾರವೇ ಅದನ್ನೂ ತೆರೆದು ನೋಡಿ, ಬೇಕಿದ್ದರೆ ಲೈಸೆನ್ಸ್‌ಗೆ ಬದಲಿಸಿ. ಊರಿನ ಪಾಲಿಕೆ ಅಥವಾ ಪಂಚಾಯಿತಿಯ ಉದ್ದಿಮೆ ಪರವಾನಗಿಯನ್ನೂ ಅದೇ ಓಡಾಟದಲ್ಲಿ ವಿಚಾರಿಸಿಕೊಳ್ಳಬಹುದು.