ಡಾಲರ್ ಚಿಹ್ನೆಗೆ ಚಿತ್ರ, ಎಳೆಯೋದಕ್ಕೆ 12 ಸೆಕೆಂಡಿನ ವಿಡಿಯೊ

ಚಿಕ್ಕಮಗಳೂರಿನ ಸುತ್ತಮುತ್ತ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವ ಕೆಲವು ರೈಟರ್‌ಗಳಿಗೆ ಎಕ್ಸೆಲ್ ಹೇಳಿಕೊಡುತ್ತೇನೆ. ಕಳೆದ ಕೊಯ್ಲಿನಲ್ಲಿ ಕೂಲಿ ಲೆಕ್ಕದ ಪಾಠವನ್ನು ಪೂರ್ತಿ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ, ಒಂಬತ್ತು ನಿಮಿಷದ ವಿಡಿಯೊ ವಾಟ್ಸಾಪ್‌ನಲ್ಲಿ ಕಳಿಸಿದೆ. ಮಾರನೇ ದಿನ ಒಬ್ಬರು ಫೋನ್ ಮಾಡಿದರು. "ಸರ್, ಮೊದಲನೇ ಆಳಿಗೆ 310 ಸರಿ ಬಂತು. ಕೆಳಗಿನವರಿಗೆಲ್ಲ ಸೊನ್ನೆ ಬರ್ತಿದೆ."

ಲೆಕ್ಕ ಇಷ್ಟೇ. B ಕಾಲಂನಲ್ಲಿ ಕೊಯ್ದ ಹಣ್ಣಿನ ಕೆ.ಜಿ., E1 ಸೆಲ್‌ನಲ್ಲಿ ಕೆ.ಜಿ.ಗೆ ಇಷ್ಟು ಅಂತ ದರ. ಪಾಠದಲ್ಲಿ 5 ರೂಪಾಯಿ ಇಟ್ಟುಕೊಂಡಿದ್ದೆ. 62 ಕೆ.ಜಿ.ಗೆ 310. C2 ಸೆಲ್‌ನಲ್ಲಿ ಬರೆಯಬೇಕಾದ ಸೂತ್ರ ಇದು:

```
=B2*$E$1
```

ಅವರು ಡಾಲರ್ ಚಿಹ್ನೆ ಬಿಟ್ಟು `=B2*E1` ಅಂತ ಬರೆದಿದ್ದರು. ಅದನ್ನು ಕೆಳಗೆ ಎಳೆದಾಗ E1 ಹೋಗಿ E2 ಆಗುತ್ತದೆ. ಆ ಸೆಲ್ ಖಾಲಿ, ಹಾಗಾಗಿ ಸೊನ್ನೆ. ತಪ್ಪು ಅವರದ್ದಲ್ಲ. ಕಂಪ್ಯೂಟರ್‌ನ ಇಡೀ ಪರದೆ ಫೋನಿನಲ್ಲಿ ಕುಗ್ಗಿ, ವಾಟ್ಸಾಪ್ ಅದನ್ನು ಇನ್ನಷ್ಟು ಮಸುಕು ಮಾಡಿತ್ತು. ಆ ಚಿಹ್ನೆ ಓದಲು ಆಗುವ ಹಾಗೇ ಇರಲಿಲ್ಲ. ಅದೂ ಎರಡು ಸೆಕೆಂಡಿನಲ್ಲಿ ಸರಿದುಹೋಗುತ್ತಿತ್ತು.

ನೋಡಿ ಬರೆದುಕೊಳ್ಳಬೇಕಾದದ್ದಕ್ಕೆ ಸ್ಕ್ರೀನ್‌ಶಾಟ್ ಬೇಕು. ಹಾಳೆಯನ್ನು 200% ಹಿಗ್ಗಿಸಿದೆ. Win+Shift+S ಒತ್ತಿ, ಸೂತ್ರ ಕಾಣುವ ಪಟ್ಟಿ ಮತ್ತು ನಾಲ್ಕು ಸಾಲು ಮಾತ್ರ ಕತ್ತರಿಸಿದೆ. ಡಾಲರ್ ಸುತ್ತ ಕೆಂಪು ಗೆರೆ ಹಾಕಿದೆ. ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಅಲ್ವಾ?

ಕೆಳಗೆ ಎಳೆಯುವುದನ್ನೂ ಚಿತ್ರದಲ್ಲೇ ತೋರಿಸೋಣ ಅಂತ ಹೊರಟೆ. ಅಲ್ಲಿ ಸಿಕ್ಕಿಬಿದ್ದೆ. ಸೆಲ್‌ನ ಬಲಗಡೆ ಕೆಳಮೂಲೆಯ ಪುಟ್ಟ ಚೌಕದ ಮೇಲೆ ಮೌಸ್ ಇಟ್ಟರೆ ಬಾಣ ಸಣ್ಣ ಕಪ್ಪು ಕೂಡುವ ಚಿಹ್ನೆ ಆಗುತ್ತದೆ. ಆಗ ಮಾತ್ರ ಎಳೆಯಬೇಕು. ಬೇರೆ ಅಂಚು ಹಿಡಿದರೆ ಸೆಲ್ಲೇ ಜಾಗ ಬಿಟ್ಟು ಹೋಗುತ್ತದೆ. ಆದರೆ ನಾನು ತೆಗೆದ ಸ್ಕ್ರೀನ್‌ಶಾಟ್‌ನಲ್ಲಿ ಮೌಸ್ ಬಾಣವೇ ಬರಲಿಲ್ಲ! ಬಂದಿದ್ದರೂ ಬಾಣ ಬದಲಾಗುವ ಆ ಗಳಿಗೆ ನಿಂತ ಚಿತ್ರದಲ್ಲಿ ಹೇಗೆ ಕಾಣಬೇಕು? ಅದಕ್ಕೆ ರೆಕಾರ್ಡಿಂಗೇ ಸರಿ.

ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿ ಪರದೆಯ ಒಂದು ಭಾಗವನ್ನಷ್ಟೇ ಆರಿಸಿ ರೆಕಾರ್ಡ್ ಮಾಡಬಹುದು. B, C ಕಾಲಂಗಳನ್ನು ಮಾತ್ರ ಆರಿಸಿದೆ. ಬಾಣವನ್ನು ನಿಧಾನಕ್ಕೆ ಮೂಲೆಗೆ ತಂದು, ಕೂಡುವ ಚಿಹ್ನೆ ಬಂದ ಮೇಲೆ ಎರಡು ಸೆಕೆಂಡ್ ಸುಮ್ನೆ ನಿಲ್ಲಿಸಿ, ಆಮೇಲೆ ಎಳೆದೆ. ಒಟ್ಟು 12 ಸೆಕೆಂಡ್. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ್ದರಿಂದ ಮಸುಕಾಗಲಿಲ್ಲ.

ದರ ಇರುವ E1 ಆ ವಿಡಿಯೊದಲ್ಲಿ ಕಾಣುವುದಿಲ್ಲ, ಬೇಕೆಂದೇ ಹೊರಗಿಟ್ಟೆ. ಪಾಠದಲ್ಲಿ ದರ ಬದಲಿಸಬೇಕಾದರೆ ಒಂದು ಸ್ಕ್ರೀನ್‌ಶಾಟ್ ಹೊಸದಾಗಿ ತೆಗೆದರೆ ಆಯಿತು. ವಿಡಿಯೊದ C ಕಾಲಂನಲ್ಲಿ ಹಳೆಯ ಮೊತ್ತ ಕಂಡರೂ ಎಳೆಯುವ ರೀತಿ ಅದೇ, ಹಾಗಾಗಿ ವಿಡಿಯೊ ಹಾಗೇ ಉಳಿಯುತ್ತದೆ.